ಗುಟ್ಟು ಬಿಡದೆ ಕಥಾಸಾರ ಬರೆಯುವುದು ಹೇಗೆ? ಗೆಳೆಯರಿಗೆ ಸಿನಿಮಾ ಹೇಳುವವರಿಗಾಗಿ ಹಂತ ಹಂತದ ಮಾರ್ಗದರ್ಶಿ

"ನಾನು ಕೊನೆ ಹೇಳಲೇ ಇಲ್ಲ, ಆದರೂ ಅವನಿಗೆ ಇಂಟರ್ವಲ್‌ಗೇ ಗೊತ್ತಾಗಿಬಿಟ್ಟಿತ್ತು." ಗೆಳೆಯರ ಗುಂಪಿಗೆ ನಾಲ್ಕು ಸಾಲು ಬರೆದು ಹಾಕುವವರು ಹೆಚ್ಚಾಗಿ ಹೇಳುವ ದೂರು ಇದು. ಕ್ಲೈಮ್ಯಾಕ್ಸ್ ಬಾಯಿಬಿಡದಿದ್ದರೆ ಸಾಕು ಎಂದು ಅವರು ಅಂದುಕೊಂಡಿರುತ್ತಾರೆ. ಗುಟ್ಟು ಸೋರುವುದು ಬೇರೆ ಕಡೆಗಳಲ್ಲಿ: ಒಂದು ವಿಶೇಷಣದಲ್ಲಿ, ಕ್ರಿಯಾಪದದ ಕೊನೆಯಲ್ಲಿ, "ಯಾರನ್ನೂ ನಂಬಬೇಡಿ" ಎಂಬ ಉತ್ಸಾಹದ ಮಾತಿನಲ್ಲಿ. ಅದನ್ನು ತಡೆಯಲು ಯಾವ ಕೆಲಸ ಮೊದಲು, ಯಾವುದು ಆಮೇಲೆ ಎಂಬುದನ್ನು ಕೆಳಗೆ ಕೊಟ್ಟಿದೆ. ಕ್ರಮ ಬದಲಿಸಬೇಡಿ. ಸಾರ ಬರೆದ ಮೇಲೆ ಗುಟ್ಟು ಹುಡುಕಲು ಹೊರಟರೆ ನಿಮ್ಮ ವಾಕ್ಯಗಳ ಮೇಲೆ ನಿಮಗೇ ಮೋಹ ಹುಟ್ಟಿರುತ್ತದೆ, ಅಳಿಸಲು ಮನಸ್ಸು ಬರುವುದಿಲ್ಲ.

ಬೇಕಾದ ಸಾಮಾನು ಹೆಚ್ಚೇನಿಲ್ಲ. ಒಂದು ಹಾಳೆ, ನಿಮಿಷ ನೋಡಿಕೊಳ್ಳಲು ಸಿನಿಮಾ (ಪುಸ್ತಕವಾದರೆ ಪುಟಸಂಖ್ಯೆ), ಸುಮಾರು ಅರ್ಧ ಗಂಟೆ, ಜೊತೆಗೆ ಆ ಸಿನಿಮಾ ನೋಡಿರದ ಒಬ್ಬರು. ಕೊನೆಯದನ್ನು ಬಿಡಬೇಡಿ.

ಉದಾಹರಣೆಗೆ ನಿಜವಾದ ಸಿನಿಮಾ ಆರಿಸಿದರೆ ಈ ಬರಹವೇ ಅದರ ಸ್ಪಾಯ್ಲರ್ ಆಗುತ್ತದೆ. ಹಾಗಾಗಿ ಇದಕ್ಕೆಂದೇ ಕಟ್ಟಿದ ಕಥೆಯೊಂದನ್ನು ಬಳಸೋಣ. ಅವಧಿ 130 ನಿಮಿಷ. ಮಲೆನಾಡಿನ ಒಂದು ಹಳ್ಳಿಯ ಅಂಚೆ ಕಚೇರಿಯನ್ನು ಸುಮಾ ಒಬ್ಬಳೇ ನಡೆಸುತ್ತಾಳೆ. ಮೂರು ವರ್ಷದ ಹಿಂದೆ ಹೊಳೆ ಉಕ್ಕಿದ ರಾತ್ರಿ ರಘುರಾಮ ಮೇಷ್ಟ್ರು ಕಾಣೆಯಾಗಿದ್ದಾರೆ. 14ನೇ ನಿಮಿಷಕ್ಕೆ ಅವರ ಅಕ್ಷರದಲ್ಲಿ ಒಂದು ಕಾಗದ ಅಂಗಡಿ ಸೀನಪ್ಪನ ಹೆಸರಿಗೆ ಬರುತ್ತದೆ. 22ನೇ ನಿಮಿಷಕ್ಕೆ ಮೇಷ್ಟ್ರ ಹೆಂಡತಿ ಗೌರಮ್ಮನಿಗೆ ಇನ್ನೊಂದು. 31ನೇ ನಿಮಿಷಕ್ಕೆ ಮೂರನೆಯದು, ಅದರ ಮೇಲೆ ಸುಮಾಳ ಹೆಸರೇ ಇದೆ. ಇಂಟರ್ವಲ್ ಬೀಳುವ 64ನೇ ನಿಮಿಷದಲ್ಲಿ, ಆ ಕಾಗದಗಳಿಗೆ ಬಿದ್ದಿರುವುದು ಅದೇ ಊರಿನ ಅಂಚೆ ಮುದ್ರೆ ಎಂದು ಗೊತ್ತಾಗುತ್ತದೆ. 97ರಲ್ಲಿ, ಮೇಷ್ಟ್ರು ತಾವಾಗಿ ಹೊಳೆಗೆ ಬಿದ್ದಿರಲಿಲ್ಲ, ಸೀನಪ್ಪ ಮತ್ತು ಇನ್ನಿಬ್ಬರು ದೂಡಿದ್ದರು ಎಂದು. 118ರಲ್ಲಿ ಕೊನೆಯ ಗುಟ್ಟು: ಕಾಗದ ಬರೆಯುತ್ತಿದ್ದವಳು ಸುಮಾ. ಕೊಲೆಯನ್ನು ಅವಳು ಕಣ್ಣಾರೆ ಕಂಡು ಸುಮ್ಮನಿದ್ದಳು. ಮೇಷ್ಟ್ರ ಅಕ್ಷರವನ್ನು ಶಾಲೆಯಲ್ಲಿದ್ದಾಗ ತಿದ್ದಿ ತಿದ್ದಿ ಕಲಿತಿದ್ದಳು.

## ಹಂತ 1: ಗುಟ್ಟುಗಳನ್ನು ಮೊದಲು ಕಾಗದಕ್ಕಿಳಿಸಿ

ಹಾಳೆಯ ಎಡಭಾಗದಲ್ಲಿ ಸಿನಿಮಾ ಮುಚ್ಚಿಟ್ಟುಕೊಂಡು ಆಮೇಲೆ ಬಿಚ್ಚುವ ಪ್ರತಿಯೊಂದು ಸಂಗತಿಯನ್ನೂ ಒಂದೊಂದು ಸಾಲಿನಲ್ಲಿ ಬರೆಯಿರಿ. ಕೊನೆಯದೊಂದನ್ನೇ ಬರೆದರೆ ಸಾಲದು. ನಮ್ಮ ಕಥೆಯಲ್ಲಿ ಮೂರಿವೆ: ಮುದ್ರೆ ಅದೇ ಊರಿನದು, ಮೇಷ್ಟ್ರ ಸಾವು ಕೊಲೆ, ಬರೆದವಳು ಸುಮಾ.

ಪ್ರತಿ ಗುಟ್ಟಿನ ಎದುರಿಗೆ, ಅದು ಬಿಚ್ಚಿಕೊಳ್ಳುವ ತನಕ ನೋಡುವವರು ಏನೆಂದು ನಂಬಿರುತ್ತಾರೆ ಎಂಬುದನ್ನೂ ಬರೆಯಿರಿ. ಕಾಗದಗಳು ಹೊರಗಿನಿಂದ ಬರುತ್ತಿವೆ. ಮೇಷ್ಟ್ರು ಹೊಳೆಗೆ ಬಿದ್ದರು, ಇಲ್ಲವೇ ಬದುಕಿ ಎಲ್ಲೋ ಇದ್ದಾರೆ. ಸುಮಾ ಬರೀ ಹಂಚುವವಳು. ಹಾಳೆಯಲ್ಲಿ ಹೆಚ್ಚು ಮುಖ್ಯವಾದ ಭಾಗ ಈ ಬಲಬದಿಯೇ. ನಿಮ್ಮ ಸಾರ ಈ ನಂಬಿಕೆಗಳನ್ನು ಅಲ್ಲಾಡಿಸಬಾರದು. ಹಾಗೆಂದು ಅವು ನಿಜವೆಂದು ಸಾಧಿಸಲೂಬಾರದು. ಎರಡನೆಯ ಮಾತು 5ನೇ ಹಂತದಲ್ಲಿ ಮತ್ತೆ ಬರುತ್ತದೆ.

## ಹಂತ 2: ಗಡಿ ಗೆರೆ ಎಳೆಯಿರಿ

ಯಾವ ನಿಮಿಷದವರೆಗಿನ ಸಂಗತಿಗಳನ್ನು ಬಳಸಬಹುದು ಎಂದು ಈಗಲೇ ತೀರ್ಮಾನಿಸಿ. ಒಟ್ಟು ಅವಧಿಯ ಕಾಲು ಭಾಗ ದಾಟದಿರುವುದು ಒಳ್ಳೆಯದು. 130 ನಿಮಿಷಕ್ಕೆ ಅದು ಸುಮಾರು 32. ಮೂರನೇ ಕಾಗದ 31ಕ್ಕೆ ಬರುವುದರಿಂದ ನಮ್ಮ ಗೆರೆ ಅದರ ಬೆನ್ನಿಗೇ ಬೀಳುತ್ತದೆ. 300 ಪುಟದ ಕಾದಂಬರಿಗೆ 50-60 ಪುಟ ಸಾಕು, ಏಕೆಂದರೆ ಓದುವವರು ಅಲ್ಲಿಗೆ ಮುಟ್ಟಲು ಒಂದೆರಡು ದಿನ ಹಿಡಿಯುತ್ತದೆ. ವೆಬ್ ಸರಣಿಯಾದರೆ ಮೊದಲ ಕಂತು ಮಾತ್ರ, ಅದರಲ್ಲೂ ಕೊನೆಯ ಐದು ನಿಮಿಷ ಬಿಟ್ಟು. ಮುಂದಿನ ಕಂತಿಗೆ ಎಳೆಯುವ ತಿರುವನ್ನು ಅಲ್ಲಿಯೇ ಇಟ್ಟಿರುತ್ತಾರೆ.

ಕಾಲು ಭಾಗವೇ ಯಾಕೆ? ನಮ್ಮಲ್ಲಿ ಸಾಮಾನ್ಯವಾಗಿ ದೊಡ್ಡ ತಿರುವೊಂದನ್ನು ಇಂಟರ್ವಲ್‌ಗೆ ಕೂರಿಸುತ್ತಾರೆ, ಅದಕ್ಕೆ ಮುಂಚಿನ ಹತ್ತು ಹದಿನೈದು ನಿಮಿಷ ಆ ತಿರುವಿಗೆ ನೆಲ ಹದ ಮಾಡುತ್ತವೆ. ಇಂಟರ್ವಲ್‌ವರೆಗಿನ ಕಥೆ ಹೇಳಿ "ಮುಂದಿನದು ನೋಡಿ" ಎಂದು ನಿಲ್ಲಿಸುವವರು ಆ ಹದ ಮಾಡಿದ್ದನ್ನೆಲ್ಲ ಹೇಳಿಬಿಟ್ಟಿರುತ್ತಾರೆ.

"ಟ್ರೇಲರ್‌ನಲ್ಲೇ ತೋರಿಸಿದ್ದಾರಲ್ಲ" ಎಂಬ ಸಮರ್ಥನೆ ನಡೆಯುವುದಿಲ್ಲ. ಟ್ರೇಲರ್ ಬೇಕೆಂದೇ ನೋಡದವರು ಬಹಳ ಮಂದಿ, ಟ್ರೇಲರ್ ಕತ್ತರಿಸುವವರು ದ್ವಿತೀಯಾರ್ಧದ ದೃಶ್ಯಗಳನ್ನು ಧಾರಾಳವಾಗಿ ಬಳಸುತ್ತಾರೆ. ನಿಮ್ಮ ಗೆರೆಗೆ ಗಡಿಯಾರವೇ ಆಧಾರ.

## ಹಂತ 3: ಮೊದಲ ಕರಡು

ಈಗ ಬರೆಯಿರಿ. ನಾಲ್ಕು ಸಂಗತಿ ಬೇಕು: ಯಾರು, ಎಲ್ಲಿ, ಅವರ ದಿನಚರಿಗೆ ಅಡ್ಡ ಬಂದದ್ದೇನು, ಅದರಿಂದ ಎದ್ದ ಇಕ್ಕಟ್ಟು ಏನು. ಐವತ್ತರಿಂದ ಎಂಬತ್ತು ಪದ ಸಾಕು. ನೂರು ದಾಟಿತೆಂದರೆ ಕಥೆ ಹೇಳಲು ಶುರುಮಾಡಿದ್ದೀರಿ ಎಂದರ್ಥ.

ಹೆಸರುಗಳು ಮೂರಕ್ಕಿಂತ ಹೆಚ್ಚು ಬೇಡ. ಸಣ್ಣ ಪಾತ್ರವೊಂದರ ಹೆಸರು ಹಾಕಿದರೆ ಓದುವವರು "ಇವನಿಗೇನೋ ಕೆಲಸ ಇದೆ" ಎಂದು ಗುರುತು ಹಾಕಿಕೊಳ್ಳುತ್ತಾರೆ. ನಟರ ಹೆಸರು ಇನ್ನೂ ಅಪಾಯ: ಎರಡು ದೃಶ್ಯದಲ್ಲಿ ಬಂದುಹೋಗುವ ಪಕ್ಕದ ಮನೆಯವನ ಪಾತ್ರವನ್ನು ದೊಡ್ಡ ನಟ ಮಾಡಿದ್ದಾರೆ ಎಂದು ಬರೆದರೆ, ಅವನು ಬರೀ ಪಕ್ಕದ ಮನೆಯವನಲ್ಲ ಎಂದು ಎಲ್ಲರಿಗೂ ಅರ್ಥವಾಗುತ್ತದೆ.

ಎಚ್ಚರ ತಪ್ಪಿ ಬರೆದ ಕರಡು ಹೀಗಿರುತ್ತದೆ:

"ಮಲೆನಾಡಿನ ಹಳ್ಳಿಯೊಂದರಲ್ಲಿ ಮುಗ್ಧೆಯಂತೆ ಕಾಣುವ ಪೋಸ್ಟ್‌ಮಾಸ್ಟರ್ ಸುಮಾ. ಹೊಳೆಪಾಲಾದರೆಂದು ಊರೇ ನಂಬಿದ್ದ ರಘುರಾಮ ಮೇಷ್ಟ್ರ ಕೈಬರಹವನ್ನು ಹೋಲುವ ಕಾಗದಗಳು ಬರತೊಡಗುತ್ತವೆ. ಗೌರಮ್ಮನವರು ಕಂಗಾಲಾಗುತ್ತಾರೆ. ಅಂಗಡಿ ಸೀನಪ್ಪ ಏನನ್ನೋ ಮುಚ್ಚಿಡುತ್ತಿದ್ದಾನೆ. ಕಾಗದ ಬರೆಯುತ್ತಿರುವವಳು ಯಾರು? ಸುಮಾಗೂ ಒಂದು ಕಾಗದ ಬಂದಾಗ ಅವಳು ಭಯದಿಂದ ತತ್ತರಿಸುತ್ತಾಳೆ. ಇಂಟರ್ವಲ್ ಟ್ವಿಸ್ಟ್ ಸೂಪರ್, ಕೊನೆಯ ಹತ್ತು ನಿಮಿಷ ತಲೆ ಕೆಡಿಸುತ್ತೆ. ಯಾರನ್ನೂ ನಂಬಬೇಡಿ!"

ಗಡಿ ದಾಟಿದ ಒಂದು ಘಟನೆಯೂ ಇದರಲ್ಲಿಲ್ಲ. ಆದರೂ ಮೂರು ಗುಟ್ಟುಗಳಲ್ಲಿ ಎರಡು ಹೊರಬಿದ್ದಿವೆ.

## ಹಂತ 4: ಸೋರಿಕೆ ಹುಡುಕಿ

ಹೆಚ್ಚು ಹೊತ್ತು ಕೊಡಬೇಕಾದದ್ದು ಈ ಹಂತಕ್ಕೆ. ಕರಡನ್ನು ಪದ ಪದವಾಗಿ ಓದುತ್ತಾ, ಈ ಪದ ಬರೆಯಲು ನನಗೆ ಗಡಿಯಾಚೆಯ ತಿಳಿವಳಿಕೆ ಬೇಕಿತ್ತೇ ಎಂದು ಕೇಳಿಕೊಳ್ಳಿ. 31ನೇ ನಿಮಿಷಕ್ಕೆ ಥಿಯೇಟರಿನಿಂದ ಎದ್ದುಹೋದವರು ಬರೆಯಲಾಗದ ಪದ ನಿಮ್ಮ ಸಾರದಲ್ಲಿ ಇರಬಾರದು.

ಅನುಮಾನದ ವಿಶೇಷಣಗಳು ಮೊದಲು ಕಣ್ಣಿಗೆ ಬೀಳುತ್ತವೆ. "ಮುಗ್ಧೆಯಂತೆ ಕಾಣುವ" ಎಂದರೆ ಮುಗ್ಧೆಯಲ್ಲ ಎಂದೇ ಅರ್ಥ. "ಹೋಲುವ" ಎಂದರೆ ಅದು ಮೇಷ್ಟ್ರ ಕೈ ಅಲ್ಲ. "ಊರೇ ನಂಬಿದ್ದ" ಎಂದರೆ ಊರು ನಂಬಿದ್ದು ಸುಳ್ಳು. ತೋರುವ, ಎನಿಸುವ, ಎಂದುಕೊಂಡಿದ್ದ, ನಿಜವಾದ, ಅಸಲಿ ಇವುಗಳಲ್ಲಿ ಯಾವುದು ಸಿಕ್ಕರೂ ಕೆಂಪು ಗೆರೆ ಎಳೆಯಿರಿ.

ಎರಡನೆಯದು ಕ್ರಿಯಾಪದದ ಕೊನೆ. ಕನ್ನಡದಲ್ಲಿ ಬರೆಯುವವರಿಗೆ ಇದು ದೊಡ್ಡ ಕಂಟಕ, ಏಕೆಂದರೆ ನಮ್ಮ ಕ್ರಿಯಾಪದ ಮಾಡಿದವರು ಗಂಡೋ ಹೆಣ್ಣೋ ಎಂದು ಹೇಳಿಬಿಡುತ್ತದೆ. "ಬರೆಯುತ್ತಿರುವವಳು ಯಾರು" ಎಂದ ಕೂಡಲೇ ಊರಿನ ಅರ್ಧ ಜನ ಅನುಮಾನದಿಂದ ಹೊರಬಿದ್ದರು. ಗಡಿಯೊಳಗೆ ಹೆಸರು ಬಂದ ಹೆಂಗಸರು ಇಬ್ಬರೇ, ಅವರಲ್ಲಿ ಒಬ್ಬರು ಕಂಗಾಲಾಗಿದ್ದಾರೆ, ಉಳಿದವಳು ಯಾರೆಂದು ಲೆಕ್ಕ ಹಾಕಲು ಎಷ್ಟು ಹೊತ್ತು ಬೇಕು? "ಕೊಂದವನು", "ಓಡಿಹೋದವಳು", "ಫೋನ್ ಮಾಡುತ್ತಿದ್ದವನು" ಎಲ್ಲಕ್ಕೂ ಇದೇ ಕಥೆ. "ಯಾರು ಬರೆಯುತ್ತಿದ್ದಾರೆ" ಎಂದು ಕೇಳಿದರೆ ಲಿಂಗವೂ ತಿಳಿಯುವುದಿಲ್ಲ, ಒಬ್ಬರೋ ಹಲವರೋ ಎಂಬುದೂ ತಿಳಿಯುವುದಿಲ್ಲ. ಇನ್ನೂ ಒಳ್ಳೆಯದೆಂದರೆ ವಸ್ತುವನ್ನೇ ಕರ್ತೃ ಮಾಡುವುದು: ಕಾಗದ ಬರುತ್ತದೆ, ಬಾಗಿಲು ತೆರೆದಿರುತ್ತದೆ, ದೀಪ ಆರುತ್ತದೆ.

ಮೂರನೆಯದು ಮರ್ಯಾದೆಯ ಏಕವಚನ ಬಹುವಚನ. ಕರಡಿನಲ್ಲಿ ಗೌರಮ್ಮ "ಕಂಗಾಲಾಗುತ್ತಾರೆ", ಅವರದೇ ವಯಸ್ಸಿನ ಸೀನಪ್ಪ "ಮುಚ್ಚಿಡುತ್ತಿದ್ದಾನೆ". ಓದುವವರ ಕಿವಿ ಇದನ್ನು ಹಿಡಿಯುತ್ತದೆ. ನಮಗೆ ಸಿಟ್ಟು ಬಂದ ಪಾತ್ರಕ್ಕೆ ಗೊತ್ತಿಲ್ಲದೆಯೇ ಏಕವಚನ ಬರುತ್ತದೆ, ಆ ಸಿಟ್ಟು ಹುಟ್ಟಿದ್ದು 97ನೇ ನಿಮಿಷದಲ್ಲಿ. 31ನೇ ನಿಮಿಷದಲ್ಲಿ ಆತ ಊರಿನ ಹಿರಿಯ ವ್ಯಾಪಾರಿ, "ಸೀನಪ್ಪನವರು". ಹಾಗೆಯೇ ಬರೆಯಿರಿ.

ಸಾವಿನ ವಿಷಯದಲ್ಲಿ ಕಾಲವೂ ಮೋಸ ಮಾಡುತ್ತದೆ. "ಒಳ್ಳೆಯ ಮೇಷ್ಟ್ರಾಗಿದ್ದರು" ಎಂದರೆ ಸತ್ತಿದ್ದಾರೆ, "ಒಳ್ಳೆಯ ಮೇಷ್ಟ್ರು" ಎಂದು ನಿಲ್ಲಿಸಿದರೆ ಎರಡೂ ಸಾಧ್ಯ. "ಹೊಳೆಪಾಲಾದ" ಎಂಬುದು ಸಾವನ್ನೂ ಅದರ ಕಾರಣವನ್ನೂ ತೀರ್ಮಾನಿಸುತ್ತದೆ. "ಹೊಳೆ ಉಕ್ಕಿದ ರಾತ್ರಿ ಕಾಣೆಯಾದ" ಎಂದರೆ ಮೊದಲಿಗೂ ನಿಜ, ಕೊನೆಗೂ ನಿಜ.

ಇನ್ನು ಟ್ವಿಸ್ಟ್ ಎಂಬ ಪದ. ಅದು ಇದೆ ಎಂದು ಹೇಳುವುದೇ ಅರ್ಧ ಸ್ಪಾಯ್ಲರ್ ಎಂಬುದನ್ನು ಹಲವರು ಒಪ್ಪುವುದಿಲ್ಲ, ಆದರೆ ನೋಡುವವರ ತಲೆಯಲ್ಲಿ ಏನಾಗುತ್ತದೆಂದು ಯೋಚಿಸಿ. ತಿರುವು ಇದೆ ಎಂದು ಗೊತ್ತಾದವರು ಕಥೆ ನೋಡುವುದಿಲ್ಲ, ಪತ್ತೇದಾರಿಕೆ ಶುರುಮಾಡುತ್ತಾರೆ. ಯಾರ ಮೇಲೆ ಅನುಮಾನವೇ ಬರುವುದಿಲ್ಲವೋ ಅವರನ್ನೇ ಮೊದಲು ಹಿಡಿಯುತ್ತಾರೆ, ಅಂದರೆ ನೇರವಾಗಿ ಸುಮಾಳನ್ನು. "ಕೊನೆಯ ಹತ್ತು ನಿಮಿಷ" ಎಂದರಂತೂ ಅದಕ್ಕೆ ಮೊದಲು ಸಿಕ್ಕ ಉತ್ತರವೆಲ್ಲ ಹುಸಿ ಎಂದು ಮುಂಚೆಯೇ ತಿಳಿಸಿದ ಹಾಗೆ. 97ನೇ ನಿಮಿಷದಲ್ಲಿ ಕೊಲೆ ಬಯಲಾದಾಗ ಬೆಚ್ಚಬೇಕಾದವರು ಗಡಿಯಾರ ನೋಡಿ "ಇನ್ನೂ ಅರ್ಧ ಗಂಟೆ ಇದೆ, ಬೇರೇನೋ ಇದೆ" ಅನ್ನುತ್ತಾರೆ. ಬೇರೆ ಸಿನಿಮಾಕ್ಕೆ ಹೋಲಿಸುವುದೂ ಇದೇ ಜಾತಿಯದು. ಆ ಸಿನಿಮಾ ನೋಡಿದವರಿಗೆ ಅದರ ಕೊನೆ ಗೊತ್ತಿರುತ್ತದೆ.

## ಹಂತ 5: ಎರಡನೇ ಸಲ ನೋಡುವವರ ಕಣ್ಣಿನಿಂದ ಓದಿ

ಸೋರಿಕೆಗೆ ಹೆದರಿ ಕೆಲವರು ಸುಳ್ಳು ಬರೆಯುತ್ತಾರೆ. "ಅವಳು ಭಯದಿಂದ ತತ್ತರಿಸುತ್ತಾಳೆ" ಎಂಬುದು ಸುಳ್ಳು. ಆ ಕಾಗದ ಬರೆದವಳೇ ಅವಳು, ತತ್ತರಿಸುವುದು ನಾಟಕ. "ಮೇಷ್ಟ್ರು ಬರೆದ ಕಾಗದ" ಎಂಬುದೂ ಸುಳ್ಳೇ. ಸಿನಿಮಾ ನೋಡಿ ಬಂದ ಗೆಳೆಯರು ನಿಮ್ಮ ಸಂದೇಶವನ್ನು ಮತ್ತೆ ತೆಗೆದು ಓದುತ್ತಾರೆ. ಮೋಸ ಕಂಡರೆ ಮುಂದಿನ ಸಲ ನಿಮ್ಮ ಮಾತಿಗೆ ಬೆಲೆ ಇರುವುದಿಲ್ಲ.

ದಾರಿ ಸರಳ. ಗುಟ್ಟು ಹೊತ್ತಿರುವ ಪಾತ್ರದ ಮನಸ್ಸಿನೊಳಗೆ ಹೋಗಬೇಡಿ. ಹೆದರಿದಳು, ನಂಬಿದಳು, ಗೊಂದಲಕ್ಕೆ ಬಿದ್ದಳು ಇವು ಬೇಡ. ಕ್ಯಾಮೆರಾಕ್ಕೆ ಕಾಣುವುದನ್ನು ಮಾತ್ರ ಬರೆಯಿರಿ: ಲಕೋಟೆಯ ಮೇಲೆ ಅವಳ ಹೆಸರಿದೆ, ಅವಳು ಅದನ್ನು ಒಡೆದಿಲ್ಲ. ಇದು ಮೊದಲ ಸಲ ನೋಡುವವರಿಗೆ ಭಯವಾಗಿ ಕಾಣುತ್ತದೆ. ಎರಡನೇ ಸಲ ಅದೇ ಸಾಲಿನ ಅರ್ಥ ಬೇರೆಯಾಗುತ್ತದೆ, ಆಗಲೂ ನಿಜವಾಗಿಯೇ ಉಳಿಯುತ್ತದೆ.

## ಹಂತ 6: ಆಸೆ ಹುಟ್ಟಿಸುವ ವಿವರ ಒಂದು

ಸೋರಿಕೆಗಳನ್ನೆಲ್ಲ ಅಳಿಸಿದ ಮೇಲೆ ಉಳಿಯುವುದು ಸಾಮಾನ್ಯವಾಗಿ ಒಣ ವರದಿ. ಅದಕ್ಕೆ ಜೀವ ಬರುವುದು "ಅದ್ಭುತ", "ಮಿಸ್ ಮಾಡಬೇಡಿ" ಎಂಬ ಮಾತಿನಿಂದ ಅಲ್ಲ, ಕಣ್ಣಿಗೆ ಕಟ್ಟುವ ಒಂದು ವಿವರದಿಂದ. ಅದನ್ನು ಗಡಿಯೊಳಗಿನ ನಿಮಿಷಗಳಿಂದಲೇ ಹೆಕ್ಕಬೇಕು, ಅದು ಪ್ರಶ್ನೆಯನ್ನು ಗಟ್ಟಿಮಾಡಬೇಕೇ ಹೊರತು ಉತ್ತರದ ಕಡೆಗೆ ಕೈ ತೋರಬಾರದು.

ಇಲ್ಲಿ ಆಸೆಗೆ ಬೀಳುವ ಸಾಲೊಂದಿದೆ: "ಊರಿನ ಮಕ್ಕಳೆಲ್ಲ ಬೋರ್ಡಿನ ಮೇಲೆ ನೋಡಿ ತಿದ್ದಿದ ಅದೇ ಅಕ್ಷರ." ಚೆಂದದ ಸಾಲು, ಗಡಿಯೊಳಗಿನದೇ. ಆದರೂ ತೆಗೆಯಬೇಕು. ತಿದ್ದಿದವರು ಹಾಗೆಯೇ ಬರೆಯಬಲ್ಲರು ಎಂಬ ಯೋಚನೆ ಮರುಗಳಿಗೆಯಲ್ಲೇ ಬರುತ್ತದೆ. "ಊರೆಲ್ಲ ಗುರುತು ಹಿಡಿಯುವ ಅಕ್ಷರ" ಎಂದರೆ ಅಷ್ಟು ಚೆಂದವಿಲ್ಲ, ಆದರೆ ಅಪಾಯವಿಲ್ಲ.

ತಿದ್ದಿದ ಮೇಲೆ ಸಾರ ಹೀಗಾಗುತ್ತದೆ:

"ಮಲೆನಾಡಿನ ಒಂದು ಹಳ್ಳಿ, ಒಂದೇ ಕೋಣೆಯ ಅಂಚೆ ಕಚೇರಿ. ಕಾಗದ ವಿಂಗಡಿಸುವುದು, ಹಂಚುವುದು ಎಲ್ಲ ಸುಮಾಳ ಕೆಲಸ. ಮೂರು ವರ್ಷದ ಹಿಂದೆ ಹೊಳೆ ಉಕ್ಕಿದ ರಾತ್ರಿ ಕಾಣೆಯಾದ ರಘುರಾಮ ಮೇಷ್ಟ್ರ ಸುಳಿವು ಇವತ್ತಿಗೂ ಸಿಕ್ಕಿಲ್ಲ. ಈಗ ಊರೆಲ್ಲ ಗುರುತು ಹಿಡಿಯುವ ಅವರ ಗುಂಡು ಅಕ್ಷರದಲ್ಲಿ ವಿಳಾಸವಿರುವ ಲಕೋಟೆ ಅಂಗಡಿ ಸೀನಪ್ಪನವರಿಗೆ ಬಂದಿದೆ. ಒಳಗೆ ಒಂದೇ ಸಾಲು. ಆಮೇಲೆ ಇನ್ನೊಂದು, ಮೇಷ್ಟ್ರ ಹೆಂಡತಿಗೆ. ಮೂರನೇ ಲಕೋಟೆಯ ಮೇಲೆ ಸುಮಾಳ ಹೆಸರೇ ಇದೆ. ಅವಳು ಅದನ್ನಿನ್ನೂ ಒಡೆದಿಲ್ಲ."

ಕೊನೆಗೆ ಪ್ರಶ್ನಾರ್ಥಕ ಚಿಹ್ನೆ ಇಲ್ಲ ಎಂಬುದನ್ನು ಗಮನಿಸಿ. "ಮೇಷ್ಟ್ರು ಬದುಕಿದ್ದಾರಾ?" ಎಂದು ನೀವೇ ಕೇಳಿದರೆ ಓದುವವರ ಊಹೆ ಅದೊಂದಕ್ಕೇ ಸೀಮಿತವಾಗುತ್ತದೆ.

## ಹಂತ 7: ನೋಡಿರದವರಿಗೆ ಕೊಟ್ಟು ಪರೀಕ್ಷಿಸಿ

ಗುಟ್ಟು ಗೊತ್ತಿರುವ ನಿಮಗೆ ನಿಮ್ಮ ಸೋರಿಕೆ ಕಾಣುವುದಿಲ್ಲ. ಒಬ್ಬರಿಗೆ ಓದಲು ಕೊಟ್ಟು "ಮುಂದೆ ಏನಾಗಬಹುದು?" ಎಂದಷ್ಟೇ ಕೇಳಿ. ಎರಡು ಮೂರು ಬೇರೆ ಬೇರೆ ಊಹೆ ಬಂದರೆ ಸಾರ ಸರಿಯಾಗಿದೆ, ಅವುಗಳಲ್ಲಿ ಒಂದು ನಿಜವಾಗಿದ್ದರೂ ಚಿಂತೆಯಿಲ್ಲ. ಒಂದೇ ಊಹೆ, ಅದೂ ಸರಿಯಾದದ್ದು, ತಡವರಿಸದೆ ಬಂದರೆ 4ನೇ ಹಂತಕ್ಕೆ ವಾಪಸ್ಸು. ಯಾವ ಪದದಿಂದ ಹಾಗನ್ನಿಸಿತು ಎಂದು ಕೇಳಿದರೆ ಅವರೇ ಬೆರಳಿಟ್ಟು ತೋರಿಸುತ್ತಾರೆ. ಊಹೆಯೇ ಬರದಿದ್ದರೆ ಇಕ್ಕಟ್ಟು ಕಾಣುತ್ತಿಲ್ಲ, ಗಡಿಯೊಳಗಿನ ಒಂದು ಘಟನೆ ಸೇರಿಸಿ.

ಊಹೆ ಹೇಳುವಾಗ ಅವರ ಮುಖ ನೋಡಿ ನಗಬೇಡಿ, ಹುಬ್ಬೇರಿಸಬೇಡಿ. ಪರೀಕ್ಷೆ ಮಾಡಿಸಿಕೊಂಡವರಿಗೂ ಸಿನಿಮಾ ನೋಡುವ ಹಕ್ಕಿದೆ.

## ಹಂತ 8: ಕಳಿಸುವಾಗ

ವಾಟ್ಸಾಪ್ ಉದ್ದದ ಸಂದೇಶವನ್ನು ಮಡಚುತ್ತದೆ ನಿಜ, ಆದರೆ ಫೋನಿನ ಮೇಲ್ಭಾಗದಲ್ಲಿ ಬರುವ ಸೂಚನೆಯಲ್ಲಿ ಮೊದಲ ಸಾಲು ಬಯಲಾಗಿಯೇ ಕಾಣುತ್ತದೆ. ಅಲ್ಲಿ ಸಿನಿಮಾ ಹೆಸರು, ಭಾಷೆ, ಅವಧಿ ಇರಲಿ. ಟೆಲಿಗ್ರಾಂನಲ್ಲಿ ಪದಗಳ ಎರಡೂ ಬದಿಗೆ `||` ಹಾಕಿದರೆ ಅವು ಮುಚ್ಚಿಕೊಳ್ಳುತ್ತವೆ, ಮುಟ್ಟಿದರೆ ತೆರೆಯುತ್ತವೆ. ಇದು ನೋಡಿದವರ ಚರ್ಚೆಗೆ ಸರಿ, ಸಾರಕ್ಕೆ ಬೇಡ. ಮುಚ್ಚಿದ ಪಟ್ಟಿ ಕಂಡರೆ ಮುಟ್ಟದೆ ಇರುವವರು ಕಡಿಮೆ.

ಲಿಂಕ್ ಜೋಡಿಸಿದರೆ ಅದರ ಜೊತೆ ಬರುವ ಚಿತ್ರ ಮತ್ತು ವಿವರಣೆಯನ್ನು ಕಳಿಸುವ ಮುನ್ನ ಓದಿ. ನೀವು ಎಂಟು ಹಂತ ಕಷ್ಟಪಟ್ಟು ಮುಚ್ಚಿಟ್ಟದ್ದನ್ನು ಆ ಪುಟ್ಟ ಚೌಕ ಹೇಳಿಬಿಟ್ಟಿರಬಹುದು. ಕೆಲವು ಪೋಸ್ಟರುಗಳೂ ಹಾಗೆಯೇ. ಅನುಮಾನವಿದ್ದರೆ ಹೆಸರು ಬರೆದು ಬಿಡಿ, ಹುಡುಕಿಕೊಳ್ಳುತ್ತಾರೆ.

ಹಿಂಸೆ, ಮಗುವಿನ ಸಾವು, ಆತ್ಮಹತ್ಯೆಯಂತಹ ದೃಶ್ಯಗಳ ಬಗ್ಗೆ ಮುನ್ಸೂಚನೆ ಬೇಕಾದವರು ಗುಂಪಿನಲ್ಲಿ ಇರಬಹುದು. ಅದನ್ನು ಸಾರದೊಳಗೆ ಸೇರಿಸಿದರೆ ಕಥೆ ಬಿಟ್ಟುಕೊಟ್ಟಂತೆ, ಹೇಳದಿದ್ದರೆ ಅವರಿಗೆ ಅನ್ಯಾಯ. "ನೋಡಲಾಗದ ದೃಶ್ಯ ಯಾವುದಾದರೂ ಇದ್ದರೆ ನನಗೆ ಬೇರೆಯಾಗಿ ಕೇಳಿ" ಎಂದು ಕೆಳಗೊಂದು ಸಾಲು ಹಾಕಿ, ಕೇಳಿದವರಿಗೆ ಮಾತ್ರ ಹೇಳಿ.

## ಕಳಿಸಿದ ಮೇಲೆ ಬರುವ ಪ್ರಶ್ನೆಗಳು

ಇಷ್ಟೆಲ್ಲ ಮಾಡಿಯೂ ಗುಟ್ಟು ಹೋಗುವುದು ಉತ್ತರ ಕೊಡುವಾಗ. "ಮೇಷ್ಟ್ರು ಬದುಕಿದ್ದಾರಾ ಇಲ್ವಾ, ಅದೊಂದು ಹೇಳು" ಎಂದಾಗ "ಅದು ಹೇಳಲ್ಲ" ಎಂದರೆ ಪರವಾಗಿಲ್ಲ. ಆದರೆ "ಸೀನಪ್ಪನಾ?" ಎಂಬುದಕ್ಕೆ "ಅಲ್ಲ" ಎಂದು, ಮರುಕ್ಷಣ "ಸುಮಾನಾ?" ಎಂಬುದಕ್ಕೆ "ಹೇಳಲ್ಲ" ಎಂದರೆ ಹೇಳಿದಂತೆಯೇ. ಆದ್ದರಿಂದ ಸರಿ ಊಹೆಗೂ ತಪ್ಪು ಊಹೆಗೂ ಪದ ಬದಲಿಸದೆ ಒಂದೇ ಉತ್ತರ ಕೊಡಿ: "31ನೇ ನಿಮಿಷದವರೆಗಿನದು ಏನು ಬೇಕಾದರೂ ಕೇಳು." ಆಶ್ಚರ್ಯದ ಎಮೋಜಿಯೂ ಉತ್ತರವೇ, ಐದು ನಿಮಿಷ ತಡ ಮಾಡಿ ಕೊಟ್ಟ ಉತ್ತರವೂ ಉತ್ತರವೇ. ಗುಂಪಿನಲ್ಲಿ ಸಿನಿಮಾ ನೋಡಿದ ಇನ್ನೊಬ್ಬರಿದ್ದರೆ, ಸಾರ ಹಾಕುವ ಮುನ್ನ ಆ ಗೆರೆ ಎಷ್ಟನೇ ನಿಮಿಷಕ್ಕಿದೆ ಎಂದು ಅವರಿಗೂ ಖಾಸಗಿಯಾಗಿ ತಿಳಿಸಿಡಿ.